ಗದೆ ಬೀಸಿದರೆ ಸಾಲದು, ಏಟು ಬಿದ್ದಂತೆ ಕಾಣಬೇಕು

ಮೈಸೂರಿನ ನಮ್ಮ ಸಣ್ಣ ಸ್ಟುಡಿಯೋದಲ್ಲಿ ಈಗ ಪೈಲ್ವಾನನ ಗೇಮ್ ಒಂದರ ಕೆಲಸ ನಡೀತಿದೆ. ಅನಿಮೇಶನ್ ನನ್ನ ಪಾಲಿನದು. ಮೊದಲ ಬಿಲ್ಡ್ ಆಡಿದವರೆಲ್ಲ ಹೇಳಿದ್ದು ಒಂದೇ: "ಗುರು, ಗದೆ ಬೀಸ್ತಾನೆ, ಆದ್ರೆ ಏಟು ಬೀಳಲ್ಲ." ಇಂಥ ದೂರು ಬಂದ ತಕ್ಷಣ ಕೈ ಹೋಗುವುದು ಕ್ಯಾಮೆರಾ ಶೇಕ್ ಕಡೆಗೆ. ಅದನ್ನು ದುಪ್ಪಟ್ಟು ಮಾಡಿದರೆ ಆಡುವವರ ತಲೆ ಸುತ್ತುತ್ತದೆಯೇ ಹೊರತು ಗದೆಗೆ ತೂಕ ಬರುವುದಿಲ್ಲ.

ತೂಕ ಶುರುವಾಗುವುದು ಬೀಸುವ ಮೊದಲೇ. ಇಲ್ಲಿನ ಗರಡಿಯೊಂದರಲ್ಲಿ ಗದೆ ತಿರುಗಿಸುವುದನ್ನು ಮೊಬೈಲಿನಲ್ಲಿ ಹಿಡಿದು ತಂದು ಒಂದೊಂದೇ ಫ್ರೇಮ್ ನೋಡಿದೆವು. ಗದೆ ಮುಂದಕ್ಕೆ ಬರುವ ಮುಂಚೆಯೇ ಸೊಂಟ ತಿರುಗಿ, ಭಾರವೆಲ್ಲ ಹಿಂಗಾಲಿಗೆ ಬಿದ್ದಿರುತ್ತದೆ. ನಮ್ಮಲ್ಲಿ ಈ ತಯಾರಿಗೆ ಇದ್ದದ್ದು 4 ಫ್ರೇಮ್. ಸೆಕೆಂಡಿಗೆ 60 ಫ್ರೇಮ್ ಓಡುವ ಗೇಮಿನಲ್ಲಿ ಅದು ಕಣ್ಣಿಗೆ ದಕ್ಕುವುದಿಲ್ಲ. 14ಕ್ಕೆ ಏರಿಸಿದೆವು, ಅಂದರೆ ಸುಮಾರು ಕಾಲು ಸೆಕೆಂಡು. ಆದರೆ ಅಷ್ಟೂ ಹೊತ್ತು ನಿಧಾನವಾಗಿ ಹಿಂದಕ್ಕೆಳೆದರೆ ಬಟನ್ ಒತ್ತಿದವರಿಗೆ ಗೇಮ್ ತಡವರಿಸಿದಂತೆ ಅನ್ನಿಸುತ್ತದೆ. ಅದಕ್ಕೇ ಮೊದಲ 3 ಫ್ರೇಮಿನಲ್ಲೇ ಗದೆ ಪೂರ್ತಿ ಹಿಂದೆ ಹೋಗುತ್ತದೆ. ಉಳಿದ 11 ಫ್ರೇಮ್ ಅದೇ ಭಂಗಿಯಲ್ಲಿ, ಮೈ ಇನ್ನಷ್ಟು ಬಿಗಿಯುತ್ತಾ ನಿಲ್ಲುತ್ತದೆ. ಬೀಸುವುದು ಬರೀ 2 ಫ್ರೇಮ್.

ಏಟು ತಗುಲಿದಾಗ ಹಿಟ್ ಸ್ಟಾಪ್: ಹೊಡೆದವನೂ ಹೊಡೆಸಿಕೊಂಡವನೂ 7 ಫ್ರೇಮ್ ಹಾಗೇ ನಿಲ್ಲುತ್ತಾರೆ. ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದು ಎಷ್ಟು ಹೊತ್ತು ಅನ್ನುವುದಕ್ಕಿಂತ ಮುಖ್ಯ. ಗದೆ ಮೈಗೆ ಸೋಕಿದ ಫ್ರೇಮಿನಲ್ಲಿ ನಿಲ್ಲಿಸಿದರೆ ಮುಟ್ಟಿದಂತೆ ಕಾಣುತ್ತದೆ, ಅಷ್ಟೇ. ಅದಕ್ಕಿಂತ ಒಂದು ಫ್ರೇಮ್ ಮುಂದೆ, ಗದೆ ಪಕ್ಕೆಗೆ ಹೂತು ಮೈ ಬಾಗಿದಲ್ಲಿ ನಿಲ್ಲಿಸಿ. ನೋಡುವವರ ಕಣ್ಣಲ್ಲಿ ಉಳಿಯುವುದು ಆ ಚಿತ್ರವೇ. ಎದುರಾಳಿಯನ್ನು ಮಾತ್ರ ಒಂದೆರಡು ಪಿಕ್ಸೆಲ್ ಅತ್ತಿತ್ತ ನಡುಗಿಸಿದರೆ ಗೇಮ್ ಹ್ಯಾಂಗ್ ಆಯ್ತೇನೋ ಅನ್ನಿಸುವುದಿಲ್ಲ. ಸದ್ದು ಮಾತ್ರ ಏಟಿನ ಫ್ರೇಮಿನಲ್ಲೇ ಕೇಳಬೇಕು, ಕಾಯಬಾರದು.

ಭಾರಿ ಏಟಿಗೆ ನಾನು ಕ್ಯಾಮೆರಾ ಅಲುಗಿಸುವುದು ಹಿಟ್ ಸ್ಟಾಪ್ ಬಿಟ್ಟ ಮೇಲೆ. ನಿಂತ ಚಿತ್ರದ ಮೇಲೆ ಕ್ಯಾಮೆರಾನೂ ಕುಣಿದರೆ, ಕಷ್ಟಪಟ್ಟು ಕೂರಿಸಿದ ಆ ಭಂಗಿಯೇ ಕಾಣುವುದಿಲ್ಲ. ಏಟಿಗೆ ಎದುರಾಳಿ ಹಾರುವ ದಿಕ್ಕಿಗೇ ಮೊದಲ ತಳ್ಳು, ಆಮೇಲೆ 10 ಫ್ರೇಮಿನೊಳಗೆ ಇಳಿದು ಶಾಂತ. ಸಣ್ಣ ಗುದ್ದುಗಳಿಗೆ ಶೇಕ್ ಬೇಡವೇ ಬೇಡ, 2 ಫ್ರೇಮ್ ಸ್ಟಾಪ್ ಸಾಕು. ಎಲ್ಲ ಏಟೂ ನಡುಗಿಸಿದರೆ ದೊಡ್ಡ ಏಟು ಯಾವುದು ಅಂತ ಗೊತ್ತಾಗುವುದು ಹೇಗೆ?

ಯೂನಿಟಿಯಲ್ಲಿ ಒಂದು ಕಿರಿಕಿರಿ ಇದೆ. `Time.timeScale = 0` ಮಾಡಿ ಸ್ಟಾಪ್ ತಂದರೆ ಕಿಡಿ, ಧೂಳು, ಹಿನ್ನೆಲೆ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ. `Time.deltaTime` ನಂಬಿಕೊಂಡ ಸ್ಟಾಪ್ ಟೈಮರ್ ಮುಗಿಯುವುದೇ ಇಲ್ಲ. ಅದಕ್ಕೆ ಇಬ್ಬರ ಚಲನೆ ಮತ್ತು ಅನಿಮೇಟರನ್ನಷ್ಟೇ ತಡೆಯುತ್ತೇವೆ. ಅನಿಮೇಟರಿಗೆ ಇಷ್ಟು ಸಾಕು, ಚಲನೆಯನ್ನು ಬೇರೆಯಾಗಿ ನಿಲ್ಲಿಸಬೇಕು:

```
attacker.speed = 0f;
victim.speed = 0f;
```

ಒಂದೇ ಬೀಸಿಗೆ ಮೂವರು ಸಿಕ್ಕರೆ ಇನ್ನೊಂದು ತೊಂದರೆ. ಪ್ರತಿ ಏಟಿನ ಸ್ಟಾಪ್ ಸಾಲಾಗಿ ಕೂಡಿಕೊಂಡು 21 ಫ್ರೇಮ್ ಆಗುತ್ತದೆ, ಪೈಲ್ವಾನ ಕೆಸರಿನಲ್ಲಿ ಸಿಕ್ಕಿಬಿದ್ದಂತೆ ಕಾಣುತ್ತಾನೆ. ಕೂಡಿಸಬೇಡಿ, ಅವುಗಳಲ್ಲಿ ದೊಡ್ಡದೊಂದನ್ನು ಮಾತ್ರ ಇಟ್ಟುಕೊಳ್ಳಿ.