ಎರಡು ರಾತ್ರಿ ಕ್ಯಾಂಪಿಂಗ್: ನಮ್ಮನೆ ಲಿಸ್ಟ್ ಶುರುವಾಗೋದು ಕಸದ ಚೀಲದಿಂದ

ಮೊನ್ನೆ ಊರಿಂದ ಅಕ್ಕ ಫೋನ್ ಮಾಡಿದ್ಲು, ಶುಕ್ರವಾರ ಸಂಜೆ ಮಕ್ಕಳನ್ನ ಕರ್ಕೊಂಡು ಕ್ಯಾಂಪಿಂಗ್‌ಗೆ ಹೊರಡ್ತಿದೀವಿ ಅಂದೆ, ಏನೇನ್ ತಗೊಂಡ್ ಹೋಗ್ತೀರೇ ಅಂತ ಕೇಳಿದ್ಲು. ನಾನು ಮೊದಲು ಹೇಳಿದ್ದು ಕಸದ ಚೀಲ. ಯಾಕೆ, ಅಲ್ಲಿ ಕಸದ ತೊಟ್ಟಿ ಇರಲ್ವಾ ಅಂದ್ಲು. ಈ ದೇಶಕ್ಕೆ ಬಂದ ಹೊಸದ್ರಲ್ಲಿ ನಾನೂ ಇದೇ ಪ್ರಶ್ನೆ ಕೇಳಿದ್ದೆ. ನಾವು ಹೋಗೋ ಜಾಗದಲ್ಲಿ ಕಾರು ನಿಲ್ಸೋಕೆ, ಟೆಂಟ್ ಹಾಕೋಕೆ ಒಂದಿಷ್ಟು ಸಮತಟ್ಟು ನೆಲ ಇರತ್ತೆ, ಪಕ್ಕದಲ್ಲಿ ಹೊಳೆ ಇರತ್ತೆ, ಅಷ್ಟೇ. ತಂದಿದ್ದನ್ನೆಲ್ಲ ನಾವೇ ವಾಪಸ್ ಒಯ್ಯಬೇಕು, ಹಣ್ಣಿನ ಸಿಪ್ಪೆ ಸಮೇತ. ಸಿಪ್ಪೆ ಮಣ್ಣಲ್ಲಿ ಕೊಳೆಯತ್ತೆ ಬಿಡು ಅಂತ ಅನ್ಸತ್ತೆ, ಆದ್ರೆ ಕಿತ್ತಳೆ ಸಿಪ್ಪೆ ಒಣಗಿ ತಿಂಗಳುಗಟ್ಲೆ ಹಾಗೇ ಬಿದ್ದಿರತ್ತೆ, ಅಷ್ಟರೊಳಗೆ ಪ್ರಾಣಿಗಳಿಗೆ ಅಲ್ಲಿ ಊಟ ಸಿಗತ್ತೆ ಅಂತ ಗೊತ್ತಾಗಿ ಮುಂದೆ ಬರೋರ ಟೆಂಟಿಗೇ ನುಗ್ತವೆ.

ಹಾಗಾಗಿ ನಮ್ಮ ಲಿಸ್ಟ್ ಉಲ್ಟಾ ಹೋಗತ್ತೆ, ಭಾನುವಾರ ಮಧ್ಯಾಹ್ನ ಏನು ವಾಪಸ್ ಬರತ್ತೆ ಅಂತ ಯೋಚಿಸಿ ಆಮೇಲೆ ತುಂಬ್ಕೊಳ್ಳೋದು. ನಾವು ನಾಲ್ಕು ಜನ, ದೊಡ್ಡೋರು ಇಬ್ರು, ಮಗಳಿಗೆ ಒಂಬತ್ತು, ಚಿಕ್ಕವನಿಗೆ ಆರು. ಶುಕ್ರವಾರ ರಾತ್ರಿಯಿಂದ ಭಾನುವಾರ ಬೆಳಗ್ಗೆವರೆಗೆ ಲೆಕ್ಕ ಹಾಕಿದ್ರೆ ಐದು ಹೊತ್ತಿನ ಊಟ. ಗುರುವಾರನೇ ಎಲ್ಲ ಪ್ಯಾಕೆಟ್ ಒಡೆದು, ಕಾಳು ಹಿಟ್ಟು ಮಸಾಲೆ ಅಳೆದು, ಒಂದು ಹೊತ್ತಿಗೆ ಒಂದು ಡಬ್ಬ ಅಂತ ತುಂಬಿ ಮೇಲೆ ಚೀಟಿ ಅಂಟಿಸ್ತೀನಿ. ತರಕಾರಿನೂ ಮನೇಲೇ ತೊಳೆದು ಹೆಚ್ಚಿ ಇಡ್ತೀನಿ. ಹೀಗೆ ಮಾಡಿದ್ರೆ ರಟ್ಟು, ಕವರು, ಸಿಪ್ಪೆ ಎಲ್ಲ ಮನೆ ಕಸಕ್ಕೇ ಹೋಗತ್ತೆ, ಅಲ್ಲಿ ಕಸ ಅರ್ಧಕ್ಕರ್ಧ ಕಮ್ಮಿ, ಜೊತೆಗೆ ತೊಳೆಯೋ ನೀರೂ ಉಳೀತು.

ನೀರಿನ ಲೆಕ್ಕ ನಾನು ಯಾವತ್ತೂ ಅಂದಾಜಿಗೆ ಬಿಡಲ್ಲ. ಒಬ್ಬರಿಗೆ ದಿನಕ್ಕೆ 4 ಲೀಟರ್, ಅದರಲ್ಲಿ 2 ಕುಡಿಯೋಕೆ, 1 ಅಡುಗೆಗೆ, 1 ಕೈ ಪಾತ್ರೆ ತೊಳೆಯೋಕೆ. ನಾಲ್ಕು ಜನಕ್ಕೆ ಎರಡು ದಿನಕ್ಕೆ 32 ಲೀಟರ್ ಆಯ್ತು, ಅಂದ್ರೆ 32 ಕೆಜಿ ತೂಕ. ಬಿಸಿಲು ಜಾಸ್ತಿ ಇದ್ರೆ ಇದಕ್ಕಿಂತ ಹೆಚ್ಚೇ ಬೇಕು. ಒಂದೇ ದೊಡ್ಡ ಕ್ಯಾನ್ ಬೇಡ, ಎತ್ತೋಕಾಗಲ್ಲ, ಸೋರಿದ್ರೆ ಎಲ್ಲಾ ಹೋಯ್ತು. ನಲ್ಲಿ ಇರೋ 10 ಲೀಟರಿನ ಕ್ಯಾನ್ ಮೂರು, ಮಿಕ್ಕಿದ್ದು ಎಲ್ಲರ ಬಾಟಲಿಯಲ್ಲಿ. ಹೊಳೆ ಪಕ್ಕದಲ್ಲೇ ಇದೆಯಲ್ಲ ಅಂತ ಅಕ್ಕ ಅಂದ್ಲು, ಆದ್ರೆ ನೀರು ತಿಳಿಯಾಗಿ ಕಂಡ್ರೂ ರೋಗಾಣು ಕಣ್ಣಿಗೆ ಕಾಣಲ್ಲ. ತೀರಾ ಕಮ್ಮಿ ಬಿದ್ರೆ ಹೊಳೆ ನೀರನ್ನ ಬಟ್ಟೇಲಿ ಸೋಸಿ, ಕೊತಕೊತ ಕುದಿಯೋಕೆ ಶುರುವಾದ ಮೇಲೆ ಪೂರ್ತಿ ಒಂದು ನಿಮಿಷ ಕುದಿಸ್ಬೇಕು, 2000 ಮೀಟರಿಗಿಂತ ಎತ್ತರದ ಜಾಗ ಆದ್ರೆ ಮೂರು ನಿಮಿಷ, ಯಾಕಂದ್ರೆ ಎತ್ತರಕ್ಕೆ ಹೋದಂಗೆ ನೀರು ಕಮ್ಮಿ ಬಿಸಿಯಲ್ಲೇ ಕುದಿಯತ್ತೆ. ಗದ್ದೆ ತೋಟದ ಔಷಧಿ ಸೇರಿರೋ ನೀರಾದ್ರೆ ಎಷ್ಟು ಕುದಿಸಿದ್ರೂ ಕುಡಿಯೋ ಹಾಗಾಗಲ್ಲ.

ಅಡುಗೆಗೆ ಒಂದರೊಳಗೊಂದು ಕೂರೋ ಎರಡು ಪಾತ್ರೆ, ಒಂದು ಬಾಣಲೆ, ಮುಚ್ಚಳ, ಸೌಟು, ಚಾಕು, ಎರಡು ಲೈಟರ್, ಸಣ್ಣ ಗ್ಯಾಸ್ ಸ್ಟವ್. ಚಳಿ ಕಾಲದಲ್ಲಿ ಗ್ಯಾಸ್ ಕ್ಯಾನ್ ಮೇಲೆ ಏನು ಬರೆದಿದೆ ಅಂತ ನೋಡಿ. ಬರೀ ಬ್ಯುಟೇನ್ ಆದ್ರೆ ಸೊನ್ನೆ ಡಿಗ್ರಿ ಹತ್ರ ಅದು ಆವಿಯಾಗೋದೇ ನಿಂತುಹೋಗತ್ತೆ, ಕ್ಯಾನ್ ತುಂಬಿದ್ರೂ ಉರಿ ಸಣ್ಣಗಾಗ್ತಾ ಬರತ್ತೆ, ಗ್ಯಾಸ್ ಖಾಲಿ ಆಯ್ತೇನೋ ಅನ್ಸತ್ತೆ. ಪ್ರೊಪೇನ್ ಸೇರಿಸಿರೋದು ತಗೊಂಡ್ರೆ ಈ ತೊಂದರೆ ಕಮ್ಮಿ. ಮಳೆ ಬಂತು ಅಂತ ಸ್ಟವ್‌ನ ಟೆಂಟ್ ಒಳಗೆ ಮಾತ್ರ ಯಾವ ಕಾರಣಕ್ಕೂ ತರಬೇಡಿ, ಬೆಂಕಿ ಹತ್ತೋದು ಒಂದು ಭಯ, ಇನ್ನೊಂದು ಕಾರ್ಬನ್ ಮೊನಾಕ್ಸೈಡ್, ಅದಕ್ಕೆ ವಾಸನೆನೇ ಇಲ್ಲ, ಮಲಗಿದೋರಿಗೆ ಗೊತ್ತೇ ಆಗಲ್ಲ. ಮಳೆಗೆ ಅಂತಲೇ ನಾವು ಒಂದು ಹೊತ್ತಿನ ಊಟ ಬೆಂಕಿ ಬೇಡದೇ ಇರೋಂಥದ್ದು ಇಟ್ಕೊಂಡಿರ್ತೀವಿ.

ಪಾತ್ರೆ ತೊಳೆಯೋದು ಇಲ್ಲಿ ಬಂದ ಮೇಲೆ ಹೊಸದಾಗಿ ಕಲಿತ ಕೆಲಸ. ಸೋಪು ಹಾಕಿ ಹೊಳೇಲಿ ತೊಳೆಯೋ ಹಾಗಿಲ್ಲ, ಮಣ್ಣಲ್ಲಿ ಕರಗತ್ತೆ ಅಂತ ಬರೆದಿರೋ ಸೋಪಾದ್ರೂ ಅಷ್ಟೇ, ಅದು ಕರಗೋಕೆ ಮಣ್ಣೇ ಬೇಕು, ಹರಿಯೋ ನೀರಲ್ಲ. ಮೊದಲು ಪಾತ್ರೇಲಿ ಅಂಟಿರೋದನ್ನ ಚೆನ್ನಾಗಿ ಕೆರೆದು ಚೀಲಕ್ಕೆ ಹಾಕಿ, ಟಬ್ಬಲ್ಲಿ ಸ್ವಲ್ಪ ನೀರು ತಗೊಂಡು ತೊಳೆದು, ಆ ನೀರನ್ನ ಹಳೇ ಬಟ್ಟೇಲಿ ಸೋಸಿ, ಸೋಸಿದ ಚರಟನೂ ಚೀಲಕ್ಕೆ. ನೀರು ಮಾತ್ರ ಹೊಳೆಯಿಂದ 60 ಮೀಟರ್ ದೂರ, ನನ್ನ ಹೆಜ್ಜೇಲಿ ಎಂಬತ್ತು, ಹೋಗಿ ಒಂದೇ ಕಡೆ ಸುರಿಯದೇ ಅಗಲವಾಗಿ ಚೆಲ್ತೀವಿ.

ಚೀಲ ಮೂರು ಥರ. ಹಸಿ ಕಸಕ್ಕೆ ಒಂದರೊಳಗೊಂದು ಎರಡು ಚೀಲ ಹಾಕಿ ಮುಚ್ಚಳ ಇರೋ ಬಕೆಟ್ ಒಳಗೆ ಇಡ್ತೀವಿ, ಇಲ್ಲಾಂದ್ರೆ ಬರೋವಾಗ ಕಾರೆಲ್ಲ ಸೋರತ್ತೆ. ಒಣ ಕಸಕ್ಕೆ ಇನ್ನೊಂದು. ಒದ್ದೆ ಟಿಶ್ಯು, ಬಳಸಿದ ಟಾಯ್ಲೆಟ್ ಪೇಪರ್, ಪ್ಯಾಡ್ ಇವಕ್ಕೆ ಜಿಪ್ ಇರೋ ಒಳಗೆ ಕಾಣದ ಕವರು. ಇವನ್ನ ಹೂತರೆ ಪ್ರಾಣಿಗಳು ಅಗೆದು ತೆಗೀತವೆ. ರಾತ್ರಿ ಮೂರೂ ಕಾರ್ ಒಳಗೆ, ಟೆಂಟ್ ಹತ್ರ ಅಲ್ಲ. ಕರಡಿ ಇರೋ ಕಾಡಾದ್ರೆ ಕಾರೂ ಸಾಲದು, ಅಲ್ಲಿನ ರೇಂಜರ್ ಎಲ್ಲಿ ಇಡಿ ಅಂತಾರೋ ಅಲ್ಲೇ. ಸುಟ್ಟುಬಿಡೋಣ ಅನ್ನೋರೂ ಇದಾರೆ, ಆದ್ರೆ ಪ್ಯಾಕೆಟ್ ಒಳಗಿನ ಬೆಳ್ಳಿ ಹಾಳೆ ಸುಡಲ್ಲ, ಚೂರಾಗಿ ಬೂದೀಲಿ ಉಳೀತದೆ, ಪ್ಲಾಸ್ಟಿಕ್ ಹೊಗೆ ಮಕ್ಕಳ ಮೂಗಿಗೆ.

ಟೆಂಟ್ ಬಗ್ಗೆ ಎರಡೇ ಮಾತು. ನಾಲ್ಕು ಜನರ ಟೆಂಟ್ ಅಂದ್ರೆ ನಾಲ್ಕು ಹಾಸಿಗೆ ಒತ್ತೊತ್ತಾಗಿ ಹಿಡಿಯೋಷ್ಟು, ಬ್ಯಾಗಿಗೆ ಜಾಗ ಇಲ್ಲ, ಅದಕ್ಕೆ ನಮ್ಮದು ಆರು ಜನರದ್ದು. ಎರಡನೇದು ಕೆಳಗೆ ಹಾಸೋ ಶೀಟು, ಅದು ಟೆಂಟಿನ ತಳಕ್ಕಿಂತ ಸುತ್ತಲೂ ಸ್ವಲ್ಪ ಚಿಕ್ಕದಿರ್ಬೇಕು. ಮೊದಲ ಸಲ ನಾವು ದೊಡ್ಡ ಶೀಟ್ ಹಾಸಿದ್ವಿ, ರಾತ್ರಿ ಮಳೆ ಬಂದಾಗ ಹೊರಗೆ ಚಾಚಿದ್ದ ಅಂಚಿನ ಮೇಲೆ ನೀರು ಬಿದ್ದು ಸೀದಾ ನಮ್ಮ ಕೆಳಗೇ ಹರಿದು ಬಂತು, ಎರಡು ಗಂಟೆಗೆ ಮಕ್ಕಳನ್ನ ಎತ್ಕೊಂಡು ಕಾರಿಗೆ ಹೋದ್ವಿ. ಬೆಳಗ್ಗೆ ಗೋಡೆ ಒಳಗಡೆ ಹನಿ ಕಂಡ್ರೆ ಅದು ಸೋರಿದ್ದೇ ಇರ್ಬೇಕು ಅಂತಿಲ್ಲ, ನಾಲ್ಕು ಜನರ ಉಸಿರಿನ ತೇವನೂ ಹಾಗೇ ಕೂರತ್ತೆ, ಚಳಿ ಅಂದ್ರೂ ಮೇಲಿನ ಗಾಳಿ ಕಿಂಡಿ ತೆಗೆದೇ ಮಲಗ್ಬೇಕು.

ದೀಪ ತಲೆಗೆ ಕಟ್ಟೋದು ಒಬ್ಬೊಬ್ಬರಿಗೂ ಒಂದೊಂದು, ಕೈ ಖಾಲಿ ಇರತ್ತೆ, ಮಕ್ಕಳು ರಾತ್ರಿ ಎದ್ರೆ ಯಾರನ್ನೂ ಕೇಳ್ಬೇಕಾಗಿಲ್ಲ. ಊಟದ ಹತ್ರ ಒಂದು ಲ್ಯಾಂಟರ್ನ್, ಬೇರೆ ಬ್ಯಾಟರಿ ಒಂದು ಸೆಟ್. ಹಳೇ ಬ್ಯಾಟರಿನೂ ವಾಪಸ್ ಬರಬೇಕು, ಅದಕ್ಕೊಂದು ಪುಟ್ಟ ಡಬ್ಬಿ.

ಶನಿವಾರ ರಾತ್ರಿ ಊಟ ಆದ ಮೇಲೆ ಮಕ್ಕಳಿಬ್ಬರಿಗೂ ಒಂದು ಕೆಲಸ, ಟಾರ್ಚನ್ನ ನೆಲಕ್ಕೆ ತಾಗೋ ಹಾಗೆ ಅಡ್ಡಡ್ಡ ಹಿಡಿದು ಟೆಂಟ್ ಸುತ್ತ ನಡೆಯೋದು. ಹಗಲು ಹುಲ್ಲಲ್ಲಿ ಕಾಣದೇ ಇರೋ ಪ್ಯಾಕೆಟ್ ಮೂಲೆ, ಬಾಟಲಿ ಬಿರಡೆ, ಬಿದ್ದ ಗೂಟ ಎಲ್ಲ ಆ ಅಡ್ಡ ಬೆಳಕಿಗೆ ನೆರಳು ಬಿಟ್ಟು ಎದ್ದು ಕಾಣತ್ತೆ. ಈ ಸಲ ಚಿಕ್ಕವನು ಹನ್ನೊಂದು ಚೂರು ತಂದ, ಅದರಲ್ಲಿ ನಮ್ಮದು ಮೂರೋ ನಾಲ್ಕೋ, ಮಿಕ್ಕಿದ್ದು ನಮಗಿಂತ ಮುಂಚೆ ಬಂದೋರ್ದು. ಎಲ್ಲಾ ಒಣ ಕಸದ ಚೀಲಕ್ಕೇ ಹೋಯ್ತು.

ಭಾನುವಾರ ಮನೆಗೆ ಬಂದ ತಕ್ಷಣ ನಮ್ಮನೆಯವರು ಟೆಂಟ್ ಬಿಡಿಸಿ ಹರವಿದ್ರು, ತೇವ ಇದ್ದಾಗಲೇ ಮಡಚಿಟ್ರೆ ಬೂಷ್ಟು ಹಿಡಿದು ಕಪ್ಪು ಚುಕ್ಕೆ ಆಗತ್ತೆ. ನಾನು ಗೂಟ ಎಣಿಸಿ, ಕ್ಯಾನ್ ಬಗ್ಗಿಸಿಟ್ಟು, ಲಿಸ್ಟಿನ ಕೆಳಗೆ ಬರೆದೆ: ನೀರು 5 ಲೀಟರ್ ಉಳೀತು, ಚೀಲ ಇನ್ನೊಂದು ಬೇಕಿತ್ತು. ಆ ಹಾಳೆ ಟೆಂಟಿನ ಬ್ಯಾಗಲ್ಲೇ ಇರತ್ತೆ, ಅಕ್ಕನಿಗೆ ಫೋಟೋ ಕಳ್ಸಿದೀನಿ.