ಕೋಡ್ ಕೊಡಬಹುದು, ಹೆಬ್ಬೆರಳು ಕೊಡೋದು ಹೇಗೆ?

"ಅಣ್ಣಾ, ಬಿಜಿಎಂಐ ಗೇಮ್‌ನಲ್ಲಿ ಕೂರೋಕೆ ಅಂತ ಕ್ರೌಚ್ ಒತ್ತೋಕೆ ಹೋದ್ರೆ ಪ್ರೋನ್ ಆಗಿ ಮಲಗಿಬಿಡ್ತೀನಿ, ಎದುರಿನವನು ಹೊಡೆದು ಹಾಕ್ತಾನೆ. ನಿಮ್ಮ ಲೇಔಟ್ ಕೋಡ್ ಕೊಡಿ. ಬಟನ್ ಎಷ್ಟು ದೊಡ್ಡದಿಟ್ಟಿದ್ದೀರಾ?"

ನನ್ನ ಬಟನ್‌ಗಳ ಜೋಡಣೆಯನ್ನು ಹಾಗೇ ನಕಲು ಮಾಡಿಕೊಳ್ಳುವ ಕೋಡ್ ಕೊಡಲು ನನಗೇನೂ ಬೇಜಾರಿಲ್ಲ. ಆದರೆ ಅದು ಕೆಲಸ ಮಾಡಬೇಕಾದರೆ ಜೊತೆಗೆ ಹೆಬ್ಬೆರಳನ್ನೂ ಕೊಡಬೇಕು, ಅಷ್ಟು ದೊಡ್ಡ ಏಕಲವ್ಯ ನಾನಲ್ಲ. ನನ್ನದು 6.7 ಇಂಚಿನ ಫೋನು, ಆಡುವುದು ಎರಡೇ ಹೆಬ್ಬೆರಳಲ್ಲಿ. ಐಪ್ಯಾಡಿನಲ್ಲಿ ನಾಲ್ಕು ಬೆರಳಿಟ್ಟು ಆಡುವವರ ಕೋಡನ್ನು ಫೋನಿಗೆ ಹಾಕಿಕೊಂಡು ಒದ್ದಾಡಿದವರನ್ನು ಬೇಕಾದಷ್ಟು ನೋಡಿದ್ದೇನೆ.

ಬಟನ್ ಮುಟ್ಟುವ ಮೊದಲು ನಿಮ್ಮ ಬೆರಳು ನಿಜವಾಗಿ ಎಲ್ಲಿ ಬೀಳುತ್ತಿದೆ ಅಂತ ನೋಡಿ. ಆಂಡ್ರಾಯ್ಡ್‌ನಲ್ಲಿ ಇದಕ್ಕೆ ದಾರಿ ಇದೆ. ಫೋನ್ ಸೆಟ್ಟಿಂಗ್ಸ್‌ನಲ್ಲಿ Build number ಅನ್ನು ಏಳು ಸಲ ಒತ್ತಿದರೆ Developer options ತೆರೆದುಕೊಳ್ಳುತ್ತದೆ. ಅದರಲ್ಲಿ Show taps ಆನ್ ಮಾಡಿ. ಈಗ ಬೆರಳು ಬಿದ್ದಲ್ಲೆಲ್ಲ ಪರದೆಯ ಮೇಲೆ ಸಣ್ಣ ಚುಕ್ಕೆ ಕಾಣುತ್ತದೆ. ಸ್ಕ್ರೀನ್ ರೆಕಾರ್ಡ್ ಹಾಕಿ, ಟ್ರೈನಿಂಗ್ ಗ್ರೌಂಡ್‌ನಲ್ಲಿ ಎರಡು ನಿಮಿಷ ಸುಮ್ನೆ ಆಡಿ. ಬಟನ್ ಕಡೆ ನೋಡಬೇಡಿ, ಗುರಿ ಕಡೆ ನೋಡಿಕೊಂಡೇ ಕೂರಿ, ಏಳಿ, ಗುಂಡು ಹಾರಿಸಿ. ಆಮೇಲೆ ವಿಡಿಯೋ ನಿಧಾನಕ್ಕೆ ಓಡಿಸಿ ನೋಡಿ.

ನನ್ನ ತಮ್ಮನಿಗೂ ನಿಮ್ಮದೇ ಕಾಯಿಲೆ ಇತ್ತು. ಅವನ ವಿಡಿಯೋ ನೋಡಿದಾಗ ಹತ್ತು ಸಲ ಕ್ರೌಚ್ ಒತ್ತಿದ್ದರಲ್ಲಿ ನಾಲ್ಕು ಚುಕ್ಕೆ ಕ್ರೌಚ್ ಮತ್ತು ಪ್ರೋನ್ ನಡುವಿನ ಗೆರೆಯ ಆಸುಪಾಸಿನಲ್ಲೇ ಇದ್ದವು. ಅವನ ಮೊದಲ ಯೋಚನೆ ಕ್ರೌಚ್ ದೊಡ್ಡದು ಮಾಡೋದು. ಮಾಡಿದ, ಅದು ಹೋಗಿ ಪ್ರೋನ್ ಮೇಲೆ ಏರಿ ಕೂತಿತು. ಗಲಾಟೆ ಇನ್ನೂ ಜಾಸ್ತಿ ಆಯಿತು. ಸರಿಹೋಗಿದ್ದು ಬೇರೆ ರೀತಿಯಲ್ಲಿ: ಕ್ರೌಚ್ ಬಟನ್ನನ್ನು ಚುಕ್ಕೆಗಳ ಗುಂಪಿನ ಮಧ್ಯಕ್ಕೆ ಎಳೆದು ತಂದೆವು. ಪ್ರೋನ್ ಅನ್ನು ಚಿಕ್ಕದು ಮಾಡಿ, ಒಂದು ಹೆಬ್ಬೆರಳಿನಗಲ ದೂರ ತಳ್ಳಿದೆವು. ಪ್ರೋನ್ ಅವಸರಕ್ಕೆ ಬೇಕಾಗುವುದು ಅಪರೂಪ ಅಲ್ವಾ? ಸ್ವಲ್ಪ ಕೈ ಚಾಚಿದರೂ ನಡೆಯುತ್ತದೆ.

ಹೆಬ್ಬೆರಳು ಬುಡದಲ್ಲಿ ನಿಂತು ಬಾಗಿಲಿನ ಹಾಗೆ ತಿರುಗುತ್ತದೆ. ಆ ಕಮಾನಿನ ನಡುವೆ ಬರುವ ಬಟನ್ ಸಲೀಸು. ಫೋನಿನ ತೀರಾ ಕೆಳಮೂಲೆಗೆ ಬೆರಳು ಮಡಚಬೇಕು, ಮೇಲಕ್ಕೆ ಚಾಚಬೇಕು. ಹಾಗಾಗಿ ಫೈರ್ ಬಟನ್, ಆಮೇಲೆ ಗುರಿ ಹಿಡಿಯುವ ಸ್ಕೋಪ್, ಆಮೇಲೆ ಕ್ರೌಚ್, ಈ ಮೂರಕ್ಕೆ ಮೊದಲು ಜಾಗ ಕೊಡಿ. ಉಳಿದವು ಸಿಕ್ಕಲ್ಲಿ ಇರಲಿ.

ಫೈರ್ ಬಟನ್ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಅದರ ಸುತ್ತ ಎಷ್ಟು ಖಾಲಿ ಜಾಗ ಇದೆ ಅನ್ನುವುದು ಮುಖ್ಯ. ಗುಂಡು ಹಾರಿಸುತ್ತಲೇ ಅದೇ ಬೆರಳನ್ನು ಕೆಳಕ್ಕೆ ಎಳೆದು ಬಂದೂಕಿನ ಕುಲುಕಾಟ ತಡೆಯಬೇಕಲ್ಲ. ಬಟನ್ ಪರದೆಯ ಅಂಚಿಗೇ ಅಂಟಿದ್ದರೆ ಎಳೆಯಲು ಜಾಗವೇ ಇರುವುದಿಲ್ಲ. ಗುರಿ ಮೇಲಕ್ಕೆ ಹಾರಿಹೋಗುತ್ತದೆ, ನಾವು ಬಂದೂಕನ್ನು ಬೈಯುತ್ತೇವೆ.

ಇನ್ನು ಪಾರದರ್ಶಕತೆ. ಎಲ್ಲರೂ ಎಡವುವುದು ಇಲ್ಲೇ. ಬಟನ್ ಮಸುಕಾದರೆ ಕಣ್ಣಿಗೆ ಕಾಣುವುದಿಲ್ಲ ಅಷ್ಟೆ, ಜಾಗ ಬಿಟ್ಟುಕೊಡುವುದಿಲ್ಲ. ಒಮ್ಮೆ ನಾನು ಗ್ರೆನೇಡ್ ಬಟನ್ನನ್ನು ಹೆಚ್ಚುಕಡಿಮೆ ಮಾಯ ಮಾಡಿಟ್ಟಿದ್ದೆ. ಪರದೆ ಗಾಜಿನ ಹಾಗೆ ಚೆನ್ನಾಗಿತ್ತು. ಆದರೆ ಸುತ್ತ ನೋಡಲು ಬೆರಳು ಸರಿಸಹೋದಾಗ ಬೆರಳು ಅದರ ಮೇಲೇ ಬಿತ್ತು. ಕೈಯಲ್ಲಿದ್ದ ಬಂದೂಕು ಹೋಗಿ ಗ್ರೆನೇಡ್ ಬಂತು, ಎದುರಿಗೆ ಇಬ್ಬರು! ಈಗ ಹೀಗೆ ಮಾಡುತ್ತೇನೆ: ಬಟನ್ ಜಾಗ ಬದಲಿಸಿದ ಮೇಲೆ ಒಂದು ವಾರ ಪೂರ್ತಿ ಕಾಣುವ ಹಾಗೆ ಬಿಡುತ್ತೇನೆ. ಕೈಗೆ ರೂಢಿಯಾದ ಮೇಲೆ ಫೈರ್ ಮತ್ತು ಸ್ಕೋಪ್ ಮಾತ್ರ ಅರ್ಧಕ್ಕೆ ಇಳಿಸುತ್ತೇನೆ, ಯಾಕೆಂದರೆ ಅವನ್ನು ಹುಡುಕಬೇಕಾಗಿಲ್ಲ. ಅಪರೂಪಕ್ಕೆ ಒತ್ತುವ ಬಟನ್‌ಗಳನ್ನು ಮಸುಕು ಮಾಡುವುದಿಲ್ಲ.

ಒಂದು ಸಲಕ್ಕೆ ಒಂದೇ ಬಟನ್ ಸರಿಸಿ. ಹಳೆಯ ಲೇಔಟನ್ನು ಹಾಗೇ ಬಿಟ್ಟು, ಬದಲಾವಣೆಯನ್ನು ಇನ್ನೊಂದು ಲೇಔಟಿನಲ್ಲಿ ಮಾಡಿ. ಮೊದಲ ಮೂರ್ನಾಲ್ಕು ದಿನ ಬೆರಳು ಹಳೆಯ ಜಾಗಕ್ಕೇ ಹೋಗುತ್ತದೆ. ಅದನ್ನು ನೋಡಿ ಮತ್ತೆ ಬದಲಿಸಬೇಡಿ. ವಾರದ ನಂತರವೂ ಚುಕ್ಕೆಗಳು ಬಟನ್‌ನ ಒಂದೇ ಪಕ್ಕಕ್ಕೆ ಬೀಳುತ್ತಿದ್ದರೆ ಆ ಪಕ್ಕಕ್ಕೆ ಚೂರು ಸರಿಸಿ. ಹರಡಿಕೊಂಡು ಬೀಳುತ್ತಿದ್ದರೆ ಮಾತ್ರ ದೊಡ್ಡದು ಮಾಡಿ.

ಎಲ್ಲ ಮುಗಿದ ಮೇಲೆ Developer options ಆಫ್ ಮಾಡುವುದನ್ನು ಮರೆಯಬೇಡಿ. ಅದು ಆನ್ ಇದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ತೆರೆಯುವುದೇ ಇಲ್ಲ. ನನಗೆ ಇದು ಗೊತ್ತಾಗಿದ್ದು ಟೀ ಕುಡಿದು ಮುಗಿಸಿ, ಅಂಗಡಿಯವರ ಮುಂದೆ ಫೋನ್ ಹಿಡಿದು ನಿಂತಾಗ.