‘ರಾಕ್‌ಸ್ಟಾರ್ ಬೇಕು’ ಎಂದ ಮಾಲೀಕರಿಗೆ ಕೇಳಿದ ಪ್ರಶ್ನೆಗಳು

ನಮ್ಮ ನೇಮಕಾತಿ ಕಚೇರಿಗೆ ಬಳ್ಳಾರಿಯ ಜೀನ್ಸ್ ಘಟಕವೊಂದರಿಂದ ಬಂದ ಬೇಡಿಕೆ ಹೀಗಿತ್ತು: ‘ಡಿಸ್ಪ್ಯಾಚ್ ಎಕ್ಸಿಕ್ಯೂಟಿವ್ ಬೇಕು. ಫಾಸ್ಟ್ ಪೇಸ್ಡ್ ವಾತಾವರಣ. ಸೆಲ್ಫ್ ಸ್ಟಾರ್ಟರ್ ಆಗಿರಬೇಕು. ರಾಕ್‌ಸ್ಟಾರ್‌ಗಳಿಗೆ ಆದ್ಯತೆ. ಟ್ಯಾಲಿ ಗೊತ್ತಿರಬೇಕು.’ ಇದರಲ್ಲಿ ರೆಸ್ಯೂಮೆ ಮುಂದಿಟ್ಟು ಹೌದು, ಇಲ್ಲ ಎಂದು ಹೇಳಬಹುದಾದದ್ದು ಕೊನೆಯ ವಾಕ್ಯ ಮಾತ್ರ. ಉಳಿದವನ್ನು ವಿವರಿಸಿ ಎಂದು ನಾನು ಕೇಳಿದೆ. ‘ಮೊದಲು ರೆಸ್ಯೂಮೆ ಕಳುಹಿಸಿ, ನೋಡಿದರೆ ನನಗೆ ಗೊತ್ತಾಗುತ್ತದೆ’ ಎಂಬ ಉತ್ತರ ಬಂತು. ಕಳುಹಿಸಿದೆವು. ಎಲ್ಲವೂ ‘ಇವರಲ್ಲಿ ಚುರುಕಿಲ್ಲ’ ಎಂಬ ಒಂದೇ ಮಾತಿನೊಂದಿಗೆ ಹಿಂದಿರುಗಿದವು.

ನನಗೆ ಸಿಟ್ಟು ಬಂದದ್ದು ಅಭ್ಯರ್ಥಿಗಳ ಪರವಾಗಿ. ಸಿರುಗುಪ್ಪದಿಂದ, ಕುರುಗೋಡಿನಿಂದ ಬಸ್ಸು ಹಿಡಿದು ಬಂದು ಅರ್ಜಿ ಕೊಟ್ಟವರು ಅವರು. ಯಾವ ಅಳತೆಗೋಲಿನಿಂದ ಅಳೆದು ಬಿಟ್ಟರೆಂದು ಅವರಿಗೆ ಹೇಳಲು ನನ್ನ ಬಳಿ ಏನೂ ಇರಲಿಲ್ಲ. ಹಾಗಾಗಿ ಎರಡನೇ ಕಂತಿನ ರೆಸ್ಯೂಮೆಗಳನ್ನು ಮೇಲ್ ಮಾಡದೆ, ಕೈಯಲ್ಲಿ ಹಿಡಿದುಕೊಂಡು ಘಟಕಕ್ಕೇ ಹೋದೆ.

ಮಾಲೀಕರು ಮೇಲಿನ ರೆಸ್ಯೂಮೆಯನ್ನು ತೆಗೆದು, ‘ನೋಡಿ ಮೇಡಂ, ಇವನು ಬೇಕು’ ಎಂದರು. ಆ ಹುಡುಗನ ರೆಸ್ಯೂಮೆಯಲ್ಲಿ ‘ಸೆಲ್ಫ್ ಮೋಟಿವೇಟೆಡ್, ಡೈನಾಮಿಕ್, ಒತ್ತಡದಲ್ಲಿ ಕೆಲಸ ಮಾಡಬಲ್ಲೆ’ ಎಂದು ದಪ್ಪಕ್ಷರದಲ್ಲಿತ್ತು. ಜಾಹೀರಾತಿನ ಮಾತುಗಳೇ ರೆಸ್ಯೂಮೆಗೆ ಹೋಗಿ ಮರಳಿ ಬಂದಿದ್ದವು. ನಾನು ಕೇಳಿದೆ: ‘ಸರ್, ದೀಪಾವಳಿಗೆ ಮುಂಚಿನ ವಾರದಲ್ಲಿ ನಿಮ್ಮಲ್ಲಿ ದಿನಕ್ಕೆ ಎಷ್ಟು ಬಿಲ್ ಆಗುತ್ತವೆ? ಲಾರಿ ಎಷ್ಟು ಗಂಟೆಗೆ ಹೊರಡಬೇಕು?’

ಅವರ ಮುಖ ಬಿಗಿಯಿತು. ‘ನಿಮಗೆ ಕೆಲಸ ಕೊಟ್ಟಿರುವುದು ಜನರನ್ನು ಹುಡುಕುವುದಕ್ಕೆ, ನನ್ನನ್ನು ಪರೀಕ್ಷಿಸುವುದಕ್ಕಲ್ಲ’ ಎಂದರು. ಕೋಣೆಯಲ್ಲಿದ್ದ ಅಕೌಂಟೆಂಟ್ ಕಂಪ್ಯೂಟರ್ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಎದ್ದು ಹೋದರೆ ಈ ಗ್ರಾಹಕರು ಕೈಬಿಟ್ಟುಹೋಗುತ್ತಾರೆ, ಸುಮ್ಮನಿದ್ದರೆ ಇನ್ನೊಂದು ಕಂತಿನ ಜನರು ಕಾರಣವಿಲ್ಲದೆ ತಿರಸ್ಕೃತರಾಗುತ್ತಾರೆ ಎಂಬುದು ನನಗೆ ಸ್ಪಷ್ಟವಾಗಿತ್ತು. ನಾನು ಪ್ರಶ್ನೆಯನ್ನು ಬದಲಿಸಿದೆ: ‘ಹಿಂದೆ ಈ ಕೆಲಸದಲ್ಲಿದ್ದವರು ಇಲ್ಲದ ದಿನ ನಿಮಗೆ ಯಾವ ತೊಂದರೆಯಾಯಿತು, ಅದನ್ನು ಹೇಳಿ ಸರ್. ಅವರು ಇದ್ದಾಗಲೂ ನಿಮಗೆ ಸಿಟ್ಟು ಬಂದ ದಿನ ಯಾವುದು, ಅದನ್ನೂ ಹೇಳಿ.’

ಉತ್ತರ ಕೊಟ್ಟವರು ಬಾಗಿಲಲ್ಲಿ ನಿಂತಿದ್ದ ಪ್ಯಾಕಿಂಗ್ ಮೇಲ್ವಿಚಾರಕರು. ಹಬ್ಬದ ಸಮಯದಲ್ಲಿ ದಿನಕ್ಕೆ ಐವತ್ತರ ಆಸುಪಾಸು ಬಿಲ್‌ಗಳು, ರಾತ್ರಿ ಎಂಟಕ್ಕೆ ಟ್ರಾನ್ಸ್‌ಪೋರ್ಟ್‌ನವರು ಬುಕಿಂಗ್ ಮುಚ್ಚುತ್ತಾರೆ, ವಾಷಿಂಗ್‌ನಿಂದ ಮಾಲು ಸಂಜೆ ಐದಕ್ಕೆ ಬಂದರೂ ಅದೇ ಲಾರಿಗೆ ಹತ್ತಿಸಬೇಕು ಎಂದರು. ತಮಗೆ ಸಿಟ್ಟು ಬಂದ ದಿನದ ಕಥೆಯನ್ನು ಕೊನೆಗೆ ಮಾಲೀಕರೇ ಹೇಳಿದರು. ಗೊತ್ತುಮಾಡಿದ ಗಾಡಿ ಕೆಟ್ಟು ಬೇರೆ ಗಾಡಿ ಬಂದಿತ್ತು. ಮಾಲು ಸಾಗಿಸಲು ಬೇಕಾದ ದಾಖಲೆಯಾದ ಇ-ವೇ ಬಿಲ್‌ನಲ್ಲಿ, ಗಾಡಿಯ ವಿವರ ತುಂಬುವ ‘ಬಿ’ ಭಾಗದಲ್ಲಿ ಹಳೆಯ ಗಾಡಿಯ ಸಂಖ್ಯೆಯೇ ಉಳಿದಿತ್ತು. ಹಿಂದಿದ್ದ ಹುಡುಗ ಮಾಲೀಕರಿಗೆ ಫೋನ್ ಮಾಡುತ್ತಾ ಕುಳಿತ, ಅವರು ಬೆಂಗಳೂರಿನಲ್ಲಿ ಸಭೆಯಲ್ಲಿದ್ದರು, ಮಾಲು ಬಾಗಿಲಲ್ಲೇ ಉಳಿಯಿತು.

ಫಾಸ್ಟ್ ಪೇಸ್ಡ್ ಎಂದರೇನು, ಸೆಲ್ಫ್ ಸ್ಟಾರ್ಟರ್ ಎಂದರೇನು ಎಂಬುದು ಆಗ ಮೇಜಿನ ಮೇಲೆ ಬಂತು. ಅಲ್ಲೇ ಬರೆದೆ. ಮೊದಲನೆಯದು: ಗಂಟೆ ಗೊತ್ತಾದ ಗಡುವಿನೊಳಗೆ ದಿನಕ್ಕೆ ಐವತ್ತರಷ್ಟು ಬಿಲ್‌ಗಳನ್ನು ತಪ್ಪಿಲ್ಲದೆ ಮಾಡುವುದು, ನಡುವೆ ಕೆಲಸದ ಸರದಿ ಬದಲಾದರೂ. ಎರಡನೆಯದು: ಗಾಡಿ ಬದಲಾದರೆ, ಮಾಲು ತಡವಾದರೆ ಯಾರನ್ನೂ ಕೇಳದೆ ದಾಖಲೆ ಸರಿಪಡಿಸಿ ಟ್ರಾನ್ಸ್‌ಪೋರ್ಟ್‌ನವರೊಂದಿಗೆ ಮಾತನಾಡುವುದು. ಇಲ್ಲಿ ಇನ್ನೊಂದು ಪ್ರಶ್ನೆ ಕೇಳಲೇಬೇಕಿತ್ತು: ‘ಸರ್, ಹೆಚ್ಚುವರಿ ಬಾಡಿಗೆ ಎಷ್ಟರವರೆಗೆ ಅವರೇ ಒಪ್ಪಿಕೊಳ್ಳಬಹುದು?’ ಸ್ವಲ್ಪ ಯೋಚಿಸಿ ‘ಎರಡು ಸಾವಿರ’ ಎಂದರು. ಅಧಿಕಾರದ ಮಿತಿ ಹೇಳದೆ ಸ್ವಂತ ಬುದ್ಧಿಯಿಂದ ಕೆಲಸ ಮಾಡು ಎನ್ನುವುದು ನ್ಯಾಯವಲ್ಲ. ಮಿತಿ ಸೊನ್ನೆಯಾಗಿದ್ದರೆ ಆ ಮಾತನ್ನು ಜಾಹೀರಾತಿನಿಂದ ತೆಗೆಯಲೇಬೇಕು.

ರಾಕ್‌ಸ್ಟಾರ್ ವಿಷಯಕ್ಕೆ ಬಂದಾಗ, ‘ಒಳ್ಳೆಯ ಕೆಲಸಗಾರನಿಗಿಂತ ಇವನು ಹೆಚ್ಚಾಗಿ ಮಾಡಬೇಕಾದ ಒಂದು ಕೆಲಸ ಹೇಳಿ’ ಎಂದೆ. ‘ಗಡಿಬಿಡಿ ಇಲ್ಲದಾಗ ಪಾರ್ಟಿಗಳಿಂದ ಬಾಕಿ ವಸೂಲಿ, ತಿಂಗಳ ಕೊನೆಗೆ ಜಿಎಸ್‌ಟಿಗೆ ಬಿಲ್ ಹೊಂದಿಸಿ ಕೊಡುವುದು’ ಎಂದರು. ಅಂದರೆ ಡಿಸ್ಪ್ಯಾಚ್, ವಸೂಲಿ, ಅಕೌಂಟ್ಸ್: ಮೂರು ಜನರ ಕೆಲಸ, ಒಂದು ಸಂಬಳ. ಈ ಪದ ಬಂದ ಬೇಡಿಕೆಗಳಲ್ಲಿ ನನಗೆ ಹೆಚ್ಚಾಗಿ ಸಿಕ್ಕಿರುವುದು ಎರಡೇ: ಒಂದೋ ಹೀಗೆ ಅಡಗಿದ ಹೆಚ್ಚುವರಿ ಕೆಲಸ, ಇಲ್ಲವೇ ಬರೀ ಖಾಲಿ ಜಾಗ. ಅಡಗಿದ್ದು ಸಿಕ್ಕಿದರೆ ಅದನ್ನು ಹೆಸರಿಟ್ಟು ಬರೆಯಬೇಕು, ಏನೂ ಸಿಗದಿದ್ದರೆ ಪದವನ್ನು ಹೊಡೆದುಹಾಕಬೇಕು. ವಸೂಲಿಯನ್ನು ಅಕೌಂಟೆಂಟ್ ಬಳಿಯೇ ಉಳಿಸಲು ಅವರು ಒಪ್ಪಿದರು. ಬಿಲ್ ಹೊಂದಿಸುವ ಕೆಲಸ ಜಾಹೀರಾತಿಗೆ ಸೇರಿತು.

ಆಮೇಲೆ ಅದೇ ರೆಸ್ಯೂಮೆಗಳನ್ನು ಮತ್ತೆ ಬಿಡಿಸಿದೆವು. ಪ್ರತಿ ಬೇಡಿಕೆಯ ಎದುರು ಮೂರರಲ್ಲಿ ಒಂದು ಗುರುತು ಹಾಕುವುದು ನನ್ನ ಪದ್ಧತಿ: ಕಾಣುತ್ತದೆ, ಕೇಳಬೇಕು, ಇಲ್ಲ. ‘ಕಾಣುತ್ತದೆ’ ಎನ್ನಲು ರೆಸ್ಯೂಮೆಯಲ್ಲಿ ಮಾಡಿದ ಕೆಲಸ, ಅದರ ಪ್ರಮಾಣ ಅಥವಾ ಗಡುವು ಇರಬೇಕು. ಗುಣವಾಚಕಕ್ಕೆ ಗುರುತು ಸಿಗುವುದಿಲ್ಲ. ಡೈನಾಮಿಕ್ ಹುಡುಗನಿಗೆ ಟ್ಯಾಲಿ ಎದುರು ಮಾತ್ರ ‘ಕಾಣುತ್ತದೆ’ ಬಿತ್ತು, ಉಳಿದೆಲ್ಲದಕ್ಕೂ ‘ಕೇಳಬೇಕು’. ರಾಶಿಯ ಅಡಿಯಲ್ಲಿದ್ದದ್ದು ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ಬಿಲ್ಲಿಂಗ್ ನೋಡಿಕೊಂಡಿದ್ದ ಯುವತಿಯ ರೆಸ್ಯೂಮೆ, ಒಂದೇ ಪುಟ. ‘ಸುಗ್ಗಿಯಲ್ಲಿ ದಿನಕ್ಕೆ 40 ಲಾರಿಗಳ ಬಿಲ್ ಮತ್ತು ಇ-ವೇ ಬಿಲ್, ತೂಕದ ಚೀಟಿ ಪರಿಶೀಲನೆ’ ಎಂದಷ್ಟೇ ಇತ್ತು. ಜೀನ್ಸ್ ಎಂಬ ಪದ ಇಲ್ಲದ್ದರಿಂದ ಮಾಲೀಕರು ಅದನ್ನು ಪಕ್ಕಕ್ಕಿಟ್ಟಿದ್ದರು. ಫಾಸ್ಟ್ ಪೇಸ್ಡ್ ಎಂದು ಅವರು ಕರೆದದ್ದಕ್ಕೆ ಅಲ್ಲಿದ್ದ ಸ್ಪಷ್ಟ ಪುರಾವೆ ಅದೊಂದೇ.

ಸ್ವಂತ ನಿರ್ಧಾರದ ಎದುರು ಆ ಯುವತಿಗೂ ‘ಕೇಳಬೇಕು’ ಎಂದೇ ಹಾಕಿದೆ. ನಮ್ಮ ಕಡೆಯ ಹುಡುಗ ಹುಡುಗಿಯರು ತಾವೇ ಮುಂದಾಗಿ ಮಾಡಿದ್ದನ್ನು ರೆಸ್ಯೂಮೆಯಲ್ಲಿ ಬರೆಯುವುದಿಲ್ಲ. ಸೈಬರ್ ಸೆಂಟರ್‌ನ ನಮೂನೆಯಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ. ಬರೆದಿಲ್ಲವೆಂದರೆ ಮಾಡಿಲ್ಲ ಎಂದು ಓದುವುದು ತಪ್ಪು. ಇಬ್ಬರಿಗೂ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ: ‘ಇ-ವೇ ಬಿಲ್ ಆದ ಮೇಲೆ ಗಾಡಿ ಬದಲಾದರೆ ಏನು ಮಾಡುತ್ತೀರಿ?’ ಹುಡುಗ ‘ಹಿರಿಯರನ್ನು ಕೇಳುತ್ತೇನೆ’ ಎಂದ. ಆಕೆ ತಡವರಿಸದೆ ಹೇಳಿದರು: ‘ಬಿ ಭಾಗದಲ್ಲಿ ಹೊಸ ಗಾಡಿ ಸಂಖ್ಯೆ ಹಾಕುತ್ತೇನೆ ಮೇಡಂ, ಬಿಲ್ ರದ್ದು ಮಾಡಬೇಕಿಲ್ಲ. ಮಾಲೇ ಹೋಗುವುದಿಲ್ಲ ಎಂದಾದರೆ ಮಾತ್ರ 24 ಗಂಟೆಯೊಳಗೆ ರದ್ದು ಮಾಡುತ್ತೇನೆ.’ ಆ ಗಿರಣಿಯಲ್ಲಿ ಇದನ್ನು ಯಾರು ಹೇಳಿಕೊಟ್ಟರೆಂದು ಕೇಳಿದೆ. ಯಾರೂ ಇಲ್ಲ, ಪೋರ್ಟಲ್ ನೋಡಿ ಕಲಿತೆ ಎಂದರು.

ಫೋನಿನಲ್ಲಿ ತಿಳಿಯದೇ ಉಳಿಯುವುದು ವೇಗದ ನಡುವೆ ತಪ್ಪಾಗುತ್ತದೆಯೇ ಎಂಬುದು. ಅದಕ್ಕೆ ಘಟಕದ ಹಳೆಯ ಹತ್ತು ಆರ್ಡರ್ ಚೀಟಿಗಳನ್ನು ಕೊಟ್ಟು ಅರ್ಧ ಗಂಟೆಯಲ್ಲಿ ಟ್ಯಾಲಿಯಲ್ಲಿ ಬಿಲ್ ಮಾಡಿಸಿದೆವು. ಒಂದು ಚೀಟಿಯಲ್ಲಿ ಬೇಕೆಂದೇ ಪಾರ್ಟಿಯ ಜಿಎಸ್‌ಟಿ ಸಂಖ್ಯೆಯ ಒಂದು ಅಂಕಿ ಬಿಟ್ಟಿದ್ದೆವು. ಹುಡುಗ ಹತ್ತನ್ನೂ ಮುಗಿಸಿದ, ಆ ಚೀಟಿಯನ್ನೂ ಹಾಗೆಯೇ. ಆಕೆ ಒಂಬತ್ತು ಮಾಡಿ, ಹತ್ತನೆಯದನ್ನು ಪಕ್ಕಕ್ಕಿಟ್ಟು, 15 ಅಕ್ಷರ ಇರಬೇಕಾದಲ್ಲಿ 14 ಇವೆ ಎಂದು ಪೆನ್ಸಿಲಿನಲ್ಲಿ ಬರೆದಿದ್ದರು. ಮಾಲೀಕರು ಆ ಚೀಟಿಯನ್ನು ಅಕೌಂಟೆಂಟ್‌ಗೆ ತೋರಿಸಿದರು, ಮರುವಾರದಿಂದ ಬರಲು ಆಕೆಗೆ ಹೇಳಿದರು.

ಈಗ ಆ ಘಟಕದ ಬೇಡಿಕೆಪತ್ರದಲ್ಲಿ ಬಿಲ್‌ಗಳ ಸಂಖ್ಯೆ, ಲಾರಿಯ ಸಮಯ, ಎರಡು ಸಾವಿರದ ಮಿತಿ ಮೂರೂ ಇರುತ್ತವೆ. ಸಂಬಳದ ಅಂಕಿ ಹಾಕಲು ಮಾತ್ರ ಅವರು ಇನ್ನೂ ಒಪ್ಪಿಲ್ಲ, ‘ಅನುಭವಕ್ಕೆ ತಕ್ಕಂತೆ’ ಎಂದೇ ಬರೆಸುತ್ತಾರೆ. ಎಷ್ಟು ಅನುಭವಕ್ಕೆ ಎಷ್ಟು ರೂಪಾಯಿ ಎಂದು ಮುಂದಿನ ಹುದ್ದೆಗೆ ಕರೆದಾಗ ಕೇಳುವವಳಿದ್ದೇನೆ.